‘ಮಾನ್ಯರೇ’ ಎಂದು ಬರೆದ ಶುಕ್ರವಾರ

ನಾನು ಪಾಠ ಹೇಳಿದ ಮಕ್ಕಳಲ್ಲಿ ಅಕ್ಷರಕ್ಕೆ ಹೆದರುತ್ತಿದ್ದವಳು ಒಬ್ಬಳೇ. ಅಕ್ಷರ ಬಾರದ ಹೆದರಿಕೆಯಲ್ಲ; ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಬರೆಯುವವರು ಬೇರೆ ಇರಲಿಲ್ಲ. ಪತ್ರಲೇಖನದ ಪುಟ ಮುಗಿಸಿ ನನ್ನ ಮೇಜಿನ ಮೇಲೆ ಇಡುವ ಮೊದಲು ಮೂರು ಸಲ ಓದಿಕೊಳ್ಳುತ್ತಿದ್ದಳು. “ಸರ್, ಓದೋವಾಗ ನೀವು ಬೇರೆ ತರ ಓದಿಕೊಂಡ್ರೆ?” ಎಂದು ಒಮ್ಮೆ ಕೇಳಿದಳು. ನಾನು ನಕ್ಕು, “ವ್ಯಾಕರಣ ಸರಿಯಾಗಿದ್ದರೆ ಯಾರೂ ಬೇರೆ ತರಹ ಓದುವುದಿಲ್ಲ ಮಗು” ಎಂದೆ. ಆ ಮಾತು ಪೂರ್ತಿ ನಿಜವಲ್ಲವೆಂದು ನನಗೆ ಕಲಿಸಿದವಳೂ ಅವಳೇ.

ದೊಡ್ಡವಳಾದ ಮೇಲೆ ಅವಳಿಗೆ ಲಿಫ್ಟುಗಳನ್ನು ಕೂರಿಸಿ, ರಿಪೇರಿ ಮಾಡಿಕೊಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಯಿಂದ ಹೊರಗೆ ಹೋಗುವ ಕನ್ನಡ ಪತ್ರಗಳನ್ನೆಲ್ಲ ಬರೆಯುವುದು ಅವಳ ಪಾಲಿನ ಕೆಲಸ. ಹಾಗಾಗಿ ಮೆಕ್ಯಾನಿಕ್‌ಗಳು ಅವಳಿಗೆ ‘ಪತ್ರದಕ್ಕ’ ಎಂದು ಹೆಸರಿಟ್ಟರು. ಮನೆಯಲ್ಲಿ ತಾಯಿ ಕೂಡ ಕೆಲವು ಸಲ “ಬಂದ್ಯಾ ಪತ್ರದಕ್ಕ, ಕೈಕಾಲು ತೊಳ್ಕೊ” ಎಂದು ರೇಗಿಸುತ್ತಿದ್ದರು.

ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ. ಹಿಂದಿನ ಗೋಡೆಗೆ ಒರಗಿಸಿಟ್ಟ ಉಕ್ಕಿನ ಹಗ್ಗದ ಸುರುಳಿಗಳು, ಎಣ್ಣೆಯ ವಾಸನೆ, ಕಿಟಕಿಯ ಬಳಿ ಅವಳ ಮೇಜು. ಪಕ್ಕದ ಮೇಜಿನಲ್ಲಿ ಹೊರಹೋಗುವ ಕಾಗದಗಳಿಗೆ ನಂಬರ್ ಹಾಕಿ ಮೊಹರು ಒತ್ತುವ ಹಿರಿಯ ಗುಮಾಸ್ತ. ಅವರು ಮೊಹರು ಒತ್ತಿದರೆ ಅವಳ ಮೇಜಿನ ನೀರಿನ ಲೋಟವೂ ಹಾರುತ್ತಿತ್ತು. ಎಲ್ಲರೂ ಅವರನ್ನು ಮೊಹರಪ್ಪ ಎನ್ನುತ್ತಿದ್ದರು.

ಪತ್ರದಕ್ಕ ಕೆಲಸವನ್ನು ಬಹಳ ಯೋಚಿಸಿ ಮಾಡುತ್ತಿದ್ದಳು. ಗಿರಾಕಿಗಳಿಗೆ ಬರೆಯುವಾಗ ‘ತಾವು’ ಎನ್ನುತ್ತಿದ್ದಳು, ಆದರೆ ಆ ‘ತಾವು’ವಿನಲ್ಲಿ ಸ್ವಲ್ಪ ಬೆಚ್ಚಗಿನ ಧ್ವನಿ ಇರುತ್ತಿತ್ತು: ‘ತಮಗಾಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಮ್ಮ ಸಹಕಾರವನ್ನು ಎಂದಿನಂತೆ ನಿರೀಕ್ಷಿಸುತ್ತೇವೆ.’ ಲಿಫ್ಟುಗಳನ್ನು ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿಗಳಿಗೂ ‘ತಾವು’ವೇ, ಆದರೆ ಅದು ಕುರ್ಚಿಗೆ ಸಲ್ಲುವ ಗೌರವ. ಅಲ್ಲಿ ‘ಇವರಿಂದ’, ‘ಇವರಿಗೆ’, ‘ವಿಷಯ’, ‘ಉಲ್ಲೇಖ’ ಎಲ್ಲವೂ ಕ್ರಮವಾಗಿ ಬರಬೇಕು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯಬೇಕು. ಅಧಿಕಾರಿಯನ್ನು ಹೊಗಳಬಾರದು, ಅಧಿಕಾರಿಗೆ ‘ಸೂಚಿಸಲೂ’ಬಾರದು; ‘ಕೋರುತ್ತೇವೆ’ ಎನ್ನಬೇಕು.

ಇನ್ನು ಕೆಳಗಿನ ನೌಕರರಿಗೆ ಹೋಗುವ ಚೀಟಿಗಳು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಬಿಟ್ಟುಹೋದ ಮಾದರಿ ಕಡತದಲ್ಲಿ ಅವೆಲ್ಲ ಕಲ್ಲಿನಂತೆ ಇದ್ದವು: ‘ನಾಳೆ ಬೆಳಿಗ್ಗೆ ಎಂಟಕ್ಕೆ ಹಾಜರಾಗುವುದು. ತಪ್ಪಿದಲ್ಲಿ ಗೈರುಹಾಜರಿ ಎಂದು ಪರಿಗಣಿಸಲಾಗುವುದು.’ ನೀವೂ ಇಲ್ಲ, ತಾವೂ ಇಲ್ಲ, ಕರ್ತೃಪದವೇ ಇಲ್ಲ. ಮೈಯೆಲ್ಲ ಎಣ್ಣೆ ಮಾಡಿಕೊಂಡು ದುಡಿಯುವವರಿಗೆ ಹೀಗೆ ಬರೆಯಲು ಅವಳ ಮನಸ್ಸು ಹಿಂಜರಿಯುತ್ತಿತ್ತು. ಆದರೂ ಎಂಟು ತಿಂಗಳು ಕಡತದಲ್ಲಿದ್ದಂತೆಯೇ ಬರೆದಳು.

ಒಂದು ಶುಕ್ರವಾರ ಬೆಳಿಗ್ಗೆ ಕಂಪನಿಯ ಯಜಮಾನರು ಅವಳನ್ನು ಒಳಗೆ ಕರೆದರು. “ನೋಡಮ್ಮ, ಗ್ರೀಸಣ್ಣನ್ನ ಸೂಪರ್‌ವೈಸರ್ ಮಾಡ್ಬೇಕು ಅಂತಿದೀನಿ. ಹದಿನೇಳು ವರ್ಷ ಆಯ್ತು. ಸೋಮವಾರ ಹತ್ತು ಗಂಟೆಗೆ ಬರೋಕೆ ಹೇಳಿ ಒಂದು ಲೆಟರ್ ಕಳ್ಸು. ಟೂಲ್ ಪೆಟ್ಟಿಗೆ, ಐಡಿ ಕಾರ್ಡ್ ಎಲ್ಲ ತರ್ಲಿ, ಬದಲಾಯಿಸ್ಬೇಕು. ಆದ್ರೆ ವಿಷಯ ಬರೀಬೇಡ. ನಾನೇ ಬಾಯಾರೆ ಹೇಳ್ತೀನಿ, ಅವನ ಮುಖ ನೋಡ್ಬೇಕು ನಂಗೆ.”

ಗ್ರೀಸಣ್ಣ ಕಂಪನಿಯ ಅತ್ಯಂತ ಹಳೆಯ ಮೆಕ್ಯಾನಿಕ್. ಐವತ್ತರ ಆಸುಪಾಸು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಕೈ. ಪತ್ರದಕ್ಕ ಕೆಲಸಕ್ಕೆ ಸೇರಿದ ದಿನ, ಹೆದರಿ ಬಾಗಿಲಲ್ಲೇ ನಿಂತಿದ್ದವಳನ್ನು “ಬಾ ತಂಗಿ, ಇಲ್ಲಿ ಲಿಫ್ಟುಗಳೇ ಬೀಳಲ್ಲ, ನೀನು ಯಾಕೆ ಬೀಳ್ತೀಯ” ಎಂದು ಒಳಗೆ ಕರೆದವನು.

ಅಂಥವನಿಗೆ ಒಳ್ಳೆಯ ಸುದ್ದಿ. ಸುದ್ದಿಯನ್ನು ಬರೆಯುವ ಹಾಗಿಲ್ಲ. ಅವಳ ಸಂತೋಷವೆಲ್ಲ ಒಕ್ಕಣೆಗೆ ಹರಿದುಬಿಟ್ಟಿತು. ಮಾದರಿ ಕಡತ ಮುಚ್ಚಿಟ್ಟು, ಒಳ್ಳೆಯ ಕಾಗದ ತೆಗೆದು ಬರೆದಳು:

‘ಮಾನ್ಯರೇ, ತಾವು ಕಳೆದ ಹದಿನೇಳು ವರ್ಷಗಳಿಂದ ನಮ್ಮ ಸಂಸ್ಥೆಗೆ ಸಲ್ಲಿಸಿರುವ ಸೇವೆಯನ್ನು ಗೌರವಪೂರ್ವಕವಾಗಿ ಸ್ಮರಿಸುತ್ತೇವೆ. ತಾವು ದಯಮಾಡಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ವಶದಲ್ಲಿರುವ ಉಪಕರಣಗಳ ಪೆಟ್ಟಿಗೆ ಹಾಗೂ ಗುರುತಿನ ಚೀಟಿಯೊಂದಿಗೆ ಕಚೇರಿಗೆ ಆಗಮಿಸಬೇಕೆಂದು ಕೋರುತ್ತೇವೆ. ವಂದನೆಗಳೊಂದಿಗೆ.’

ಯಜಮಾನರು ಓದದೆಯೇ ಸಹಿ ಹಾಕಿ, ತಪಾಸಣಾ ಅಧಿಕಾರಿಯ ಕಚೇರಿಗೆ ಹೊರಟುಹೋದರು. ಆ ಹೊತ್ತಿಗೆ ಮೊಹರಪ್ಪ ಬ್ಯಾಂಕಿಗೆ ಹೋಗಿದ್ದರಿಂದ ಅವಳೇ ಹೊರಹೋಗುವ ಕಾಗದಗಳ ಪುಸ್ತಕದಲ್ಲಿ ನಂಬರ್ ಹಾಕಿದಳು. ಆಸ್ಪತ್ರೆಯ ಲಿಫ್ಟಿನ ಕೆಲಸಕ್ಕೆ ಬಿಡಿಭಾಗ ತೆಗೆದುಕೊಂಡು ಹೋಗುವ ಗಾಡಿಯವನ ಕೈಯಲ್ಲಿ ಲಕೋಟೆ ಕೊಟ್ಟಳು. ಗ್ರೀಸಣ್ಣ ಅಂದು ಅಲ್ಲೇ ಇದ್ದ.

ಹನ್ನೆರಡೂವರೆಗೆ ಮೊಹರಪ್ಪ ಬಂದು ಕನ್ನಡಕ ಏರಿಸಿಕೊಂಡು, ಕಡತಕ್ಕೆ ಹಾಕಲು ನಕಲು ಪ್ರತಿ ಎತ್ತಿಕೊಂಡರು. ಎರಡು ಸಲ ಓದಿದರು. ಮೊಹರನ್ನು ಕೈಯಿಂದ ಕೆಳಗಿಟ್ಟರು.

“ಏನಮ್ಮ ಇದು? ಗ್ರೀಸಣ್ಣನ್ನ ತೆಗೆದುಬಿಟ್ರಾ?”

“ಅಯ್ಯೋ, ಇಲ್ಲ ಸರ್! ಯಾಕೆ ಹಾಗಂತೀರಾ?”

“ಮತ್ತೆ ‘ಮಾನ್ಯರೇ’ ಅಂತ ಬರ್ದಿದೀಯಲ್ಲ!”

ಅವಳಿಗೆ ಅರ್ಥವಾಗಲಿಲ್ಲ. ಮೊಹರಪ್ಪ ಕುರ್ಚಿ ಎಳೆದುಕೊಂಡು ಕೂತರು. “ನಿಂಗೆ ಯಾರೂ ಹೇಳಿಲ್ವಾ? ಹತ್ತು ವರ್ಷದ ಹಿಂದೆ ಒಬ್ಬನ್ನ ಕೆಲಸದಿಂದ ತೆಗೆದಾಗ ಯಜಮಾನರು ಬೈದು ಲೆಟರ್ ಬರೆಸಿದ್ರು. ಅವನು ಕೋರ್ಟಿಗೆ ಹೋದ, ಲೆಟರನ್ನೇ ತೋರಿಸ್ದ, ಗೆದ್ದ. ವಕೀಲರು ಹೇಳಿದ್ರು, ಇನ್ಮೇಲೆ ಯಾರನ್ನ ತೆಗೆದ್ರೂ ದೇವರಿಗೆ ಬರೆದ ಹಾಗೆ ಬರೀರಿ, ಒಂದು ಒರಟು ಮಾತು ಇರಬಾರ್ದು ಅಂತ. ಅವತ್ತಿಂದ ಈ ಕಂಪನಿಲಿ ಮೂರು ಜನ ಮೆಕ್ಯಾನಿಕ್‌ಗಳಿಗೆ ‘ಮಾನ್ಯರೇ, ತಾವು’ ಅಂತ ಲೆಟರ್ ಹೋಗಿದೆ. ಮೂರು ಜನಾನೂ ಮನೆಗೆ ಹೋಗಿದಾರೆ. ಸೇವೆ ಸ್ಮರಿಸ್ತೀವಿ, ಪೆಟ್ಟಿಗೆ ತನ್ನಿ, ಕಾರ್ಡ್ ತನ್ನಿ. ಥೇಟ್ ಇದೇ ಒಕ್ಕಣೆ!”

“ಮಾದರಿ ಕಡತದಲ್ಲಿ ಅದು ಇರ್ಲಿಲ್ಲ ಸರ್.”

“ಅದನ್ನ ಕಡತದಲ್ಲಿ ಯಾರು ಇಡ್ತಾರೆ? ಯಜಮಾನರ ಬೀರುವಿನಲ್ಲಿರುತ್ತೆ. ಮೆಕ್ಯಾನಿಕ್‌ಗಳಿಗೆ ಮಾತ್ರ ಬಾಯಿಪಾಠ.”

ಪತ್ರದಕ್ಕ ತಕ್ಷಣ ಫೋನು ಕೈಗೆತ್ತಿಕೊಂಡಳು. ಗ್ರೀಸಣ್ಣನ ಫೋನಿಗೆ ಕರೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಯಜಮಾನರ ಫೋನು ಆಫ್ ಆಗಿತ್ತು. ಗ್ರೀಸಣ್ಣನ ಜೊತೆಗಾರ ಮೆಕ್ಯಾನಿಕ್‌ಗೆ ಮಾಡಿದಳು. ಅವನು ತಕ್ಷಣ ಎತ್ತಿದ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು.

“ನೀವು ಆಸ್ಪತ್ರೇಲಿ ಇಲ್ವಾ?”

“ಇಲ್ಲ ಅಕ್ಕ, ಮನೆಗೆ ಹೊರಟೆ. ಅಣ್ಣಾನೇ ಕಳಿಸಿಬಿಟ್ರು. ಉಳಿದಿದ್ದು ನಾನೊಬ್ಬನೇ ಮುಗಿಸ್ತೀನಿ, ನೀನು ಹೋಗು ಅಂದ್ರು. ಏನೋ ಲೆಟರ್ ಬಂತು ಅಕ್ಕ. ಓದಿದ್ಮೇಲೆ ಮುಖ ಸುಣ್ಣ ಬಳಿದ ಹಾಗಾಗಿತ್ತು. ಏನು ಅಂತ ಕೇಳಿದ್ರೆ ಲಕೋಟೆ ಕಿಸೆಗೆ ಹಾಕ್ಕೊಂಡ್ರು.”

“ಉಳಿದಿರೋ ಕೆಲಸ ಏನು?”

“ಮೇಲಿನದು. ಲಿಫ್ಟಿನ ತಲೆ ಮೇಲೆ ನಿಂತ್ಕೊಂಡು ಮಾಡೋದು.”

ಲಿಫ್ಟಿನ ತಲೆಯ ಮೇಲೆ ಒಬ್ಬನೇ ನಿಲ್ಲಬಾರದು ಎಂಬುದು ಆ ಕಂಪನಿಯ ಮೊದಲ ನಿಯಮ. ಗೋಡೆಗಳ ನಡುವೆ ಕತ್ತಲೆಯ ಕೊಳವೆ. ಮೇಲೆ ಉಕ್ಕಿನ ಹಗ್ಗ, ಪಕ್ಕದಲ್ಲಿ ಲಿಫ್ಟು ಏರಿದಾಗ ಇಳಿಯುವ, ಇಳಿದಾಗ ಏರುವ ತೂಕದ ಕಲ್ಲುಗಳು. ಅಲ್ಲಿ ಗಮನ ಒಂದು ಕ್ಷಣ ಆಚೀಚೆ ಆಗುವ ಹಾಗಿಲ್ಲ. ಆ ನಿಯಮವನ್ನು ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳೂ ಅವಳೇ.

“ನೀವು ಈಗಲೇ ವಾಪಸ್ ಹೋಗಿ” ಎಂದಳು.

“ಬಸ್ಸು ಅರ್ಧ ದಾರಿ ಬಂದ್ಬಿಟ್ಟಿದೆ. ಅರ್ಧ ಗಂಟೆ ಆಗುತ್ತೆ ಅಕ್ಕ. ಯಾಕೆ, ಏನಾಯ್ತು?”

ಅವಳು ಫೋನಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಆಸ್ಪತ್ರೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಹಣ್ಣಿನ ಗಾಡಿ, ರಸ್ತೆ ದಾಟುವಲ್ಲಿ ಹೊತ್ತಿಕೊಂಡೇ ಇದ್ದ ಕೆಂಪು ದೀಪ, ಎದುರಿಗೆ ಬಂದ ಶಾಲೆಯ ಮಕ್ಕಳ ಸಾಲು. ಎಲ್ಲವನ್ನೂ ಕಣ್ಣು ಕಂಡಿತಂತೆ. ಆದರೆ ಮನಸ್ಸಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ: ‘ಗೌರವಪೂರ್ವಕವಾಗಿ ಸ್ಮರಿಸುತ್ತೇವೆ.’ ಬದುಕಿರುವವರನ್ನು ಯಾರಾದರೂ ಸ್ಮರಿಸುತ್ತಾರೆಯೇ? ಬರೆಯುವಾಗ ಇದು ಹೊಳೆಯಲಿಲ್ಲವಲ್ಲ ಎಂದುಕೊಂಡು ಹೆಜ್ಜೆ ಚುರುಕು ಮಾಡಿದಳು.

ಆಸ್ಪತ್ರೆಯ ಕೆಳಗಿನ ಹಜಾರದಲ್ಲಿ ಒಂದು ಲಿಫ್ಟಿನ ಮುಂದೆ ಜನ ನಿಂತಿದ್ದರು. ಇನ್ನೊಂದರ ಬಾಗಿಲಿಗೆ ‘ಕೆಲಸ ನಡೆಯುತ್ತಿದೆ’ ಎಂಬ ಹಲಗೆ ಇತ್ತು. ಕಾವಲಿನವನನ್ನು ಕೇಳಿದಳು. “ಮೆಕ್ಯಾನಿಕ್ಕಾ? ನಾಲ್ಕನೇ ಮಹಡೀಲಿ ಬಾಗಿಲು ತೆಗೆದಿದ್ದ. ಆಗಿನಿಂದ ಸದ್ದೇ ಇಲ್ಲ” ಎಂದ ಅವನು, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ.

ಸದ್ದೇ ಇಲ್ಲ. ಅವಳು ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯಲ್ಲಿ ಉಸಿರು ಕಟ್ಟಿತು, ಮೂರನೆಯದರಲ್ಲಿ ಕಾಲು ಎಡವಿ ಅಂಗೈ ತರಚಿತು. ನಾಲ್ಕನೆಯದರಲ್ಲಿ ಉದ್ದನೆಯ ಕಾರಿಡಾರ್, ಔಷಧಿಯ ವಾಸನೆ, ಕೊನೆಯಲ್ಲಿ ಅಡ್ಡಪಟ್ಟಿ ಕಟ್ಟಿದ ಲಿಫ್ಟಿನ ಬಾಗಿಲು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಗ್ಗತ್ತಲೆ.

“ಗ್ರೀಸಣ್ಣಾ!”

ಕತ್ತಲೆಯೊಳಗೆ ಅವಳದೇ ಕೂಗು ಕೆಳಕ್ಕೆ ಹೋಗಿ ಮತ್ತೆ ಮೇಲಕ್ಕೆ ಬಂತು. ಅಡ್ಡಪಟ್ಟಿ ಹಿಡಿದು ಇಣುಕಿದಳು.

“ಮೊದಲು ಹಿಂದೆ ಸರಿ ತಂಗಿ” ಎಂದಿತು ಕೆಳಗಿನಿಂದ ಒಂದು ಸಣ್ಣ ಧ್ವನಿ. “ಬಿದ್ರೆ ನನ್ನ ತಲೆ ಮೇಲೇ ಬೀಳ್ತೀಯ.”

ಆಳೆತ್ತರಕ್ಕಿಂತ ಕಡಿಮೆ ಕೆಳಗೆ, ಲಿಫ್ಟಿನ ತಲೆಯ ಮೇಲೆ ಟಾರ್ಚು ಆರಿಸಿಕೊಂಡು ಗ್ರೀಸಣ್ಣ ಕೂತಿದ್ದ. ಮೊಣಕಾಲ ಮೇಲೆ ಲಕೋಟೆ.

“ಹತ್ತಿ ಬನ್ನಿ ಅಣ್ಣ. ದಯವಿಟ್ಟು.”

“ಬರ್ತೀನಿ, ಬರ್ತೀನಿ. ಇದೊಂದು ಮುಗಿಸಿಬಿಡೋಣ ಅಂತ. ನಾಳೆ ಬರೋ ಹೊಸಬ ‘ಮುದುಕ ಅರ್ಧ ಬಿಟ್ಟು ಹೋದ’ ಅನ್ನಬಾರ್ದಲ್ಲ.” ಅವನು ಕೈ ಎತ್ತಿ ನೋಡಿಕೊಂಡ. “ಆದ್ರೆ ಈ ಕೈ ನೋಡು, ಸ್ಪ್ಯಾನರ್ ಹಿಡಿಯಕ್ಕೆ ಬಿಡ್ತಿಲ್ಲ. ನಿಲ್ಲಿಸೋ ಗುಂಡಿ ಒತ್ತಿದೀನಾ ಅಂತ ಮೂರು ಸಲ ನೋಡ್ದೆ. ಮೂರು ಸಲಾನೂ ಮರೆತೆ. ಅದಕ್ಕೇ ಕೂತ್ಬಿಟ್ಟೆ. ಹದಿನೇಳು ವರ್ಷದಲ್ಲಿ ಇಲ್ಲಿ ಕೂತ್ಕೊಂಡು ಹೆದರಿದ್ದು ಇವತ್ತೇ.”

“ಆ ಲೆಟರ್ ನೀವು ಅಂದ್ಕೊಂಡ ಹಾಗಲ್ಲ ಅಣ್ಣ. ನಿಮ್ಮನ್ನ ತೆಗೀತಿಲ್ಲ. ಸೂಪರ್‌ವೈಸರ್ ಮಾಡ್ತಿದಾರೆ! ಯಜಮಾನರು ಹೇಳಬೇಡ ಅಂದಿದ್ರು, ಅದಕ್ಕೆ ಬರೀಲಿಲ್ಲ.”

ಗ್ರೀಸಣ್ಣ ನಕ್ಕ. ಆ ನಗುವೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತಂತೆ. “ಒಳ್ಳೆ ಮನಸ್ಸು ನಿಂದು. ಸಮಾಧಾನಕ್ಕೆ ಹೇಳ್ತೀಯ. ಹದಿನೇಳು ವರ್ಷ ‘ಏಯ್, ಬಾರಯ್ಯ’ ಅಂದೋರು ಇವತ್ತು ‘ಮಾನ್ಯರೇ’ ಅಂದ್ರೆ ಏನರ್ಥ? ಕೊರಳಿಗೆ ಹಾರ ಯಾಕೆ ಬಿತ್ತು ಅಂತ ಕುರಿಗೂ ಗೊತ್ತಾಗುತ್ತಮ್ಮ.”

“ಅದನ್ನ ಬರೆದೋಳು ನಾನು! ಯಜಮಾನರು ಓದೂ ಇಲ್ಲ.”

“ಬರೆಯೋದು ನೀನೇ. ಬರೆಸೋದು ಯಾರು?”

ಎಷ್ಟು ನಯವಾಗಿ ಹೇಳಿದರೆ ಅಷ್ಟೂ ಅವನ ಅನುಮಾನ ಗಟ್ಟಿಯಾಗುತ್ತಿತ್ತು. ಅವಳ ‘ದಯವಿಟ್ಟು’, ಅವಳ ‘ಬನ್ನಿ’, ಎಲ್ಲವೂ ಆ ಕಾಗದದ ಮುಂದುವರಿಕೆಯ ಹಾಗೇ ಅವನ ಕಿವಿಗೆ ಬೀಳುತ್ತಿದ್ದವು. ಕೆಳಗೆ ಗ್ರೀಸಣ್ಣ ಮತ್ತೆ ಟಾರ್ಚು ಹೊತ್ತಿಸಿ ಸ್ಪ್ಯಾನರಿಗೆ ತಡಕಾಡಿದ. ಸ್ಪ್ಯಾನರು ಅವನ ಬೆರಳಿನಿಂದ ಜಾರಿ, ಅಂಚು ದಾಟಿ, ಕೊಳವೆಯೊಳಗೆ ಬಿತ್ತು. ನೆಲ ಮುಟ್ಟಿದ ಸದ್ದು ಕೇಳಲು ಬಹಳ ಹೊತ್ತಾಯಿತು ಎಂದು ಅವಳು ಹೇಳುತ್ತಾಳೆ.

ಆಮೇಲೆ ಅವಳು ಕಾರಿಡಾರಿನ ನೆಲದ ಮೇಲೆ ಕೂತು ಚೀಲದಿಂದ ಕಚೇರಿಯ ಚೀಟಿ ಪುಸ್ತಕ ತೆಗೆದಳು. ನೌಕರರಿಗೆ ಹೋಗುವ ಸಣ್ಣ ಸೂಚನೆಗಳಿಗೆ ‘ವ್ಯವಸ್ಥಾಪಕರ ಪರವಾಗಿ’ ಎಂದು ಸಹಿ ಹಾಕುವ ಅಧಿಕಾರ ಅವಳಿಗಿತ್ತು. ತರಚಿದ ಅಂಗೈಯಿಂದ ಕಾಗದಕ್ಕೆ ರಕ್ತ ತಾಗದಂತೆ ಹಿಡಿದು ಬರೆದಳು:

‘ಸೂಚನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹಾಜರಾಗುವುದು. ಹಳೆಯ ಪೆಟ್ಟಿಗೆ, ಕಾರ್ಡ್ ತಂದು ಹೊಸದನ್ನು ಪಡೆಯುವುದು. ತಡವಾದಲ್ಲಿ ಅರ್ಧ ದಿನದ ಗೈರುಹಾಜರಿ ಹಾಕಲಾಗುವುದು. ಶುಕ್ರವಾರ ಜೊತೆಗಾರನನ್ನು ಕಳುಹಿಸಿ ಒಬ್ಬನೇ ಕೆಲಸ ಮಾಡಿದ್ದಕ್ಕೆ ವಿವರಣೆ ನೀಡುವುದು.’

ಮೊಣಕಾಲೂರಿ ಕೈ ಚಾಚಿ ಕೆಳಗೆ ಕೊಟ್ಟಳು. ಅವನು ಟಾರ್ಚಿನ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ತುಟಿಗಳು ಅಲುಗುತ್ತಿದ್ದವು.

“ನಂಬರ್ ಎಲ್ಲಿ?” ಎಂದ.

“ಏನು?”

“ನಂಬರ್ ಇಲ್ದಿದ್ರೆ ಇದು ಚೀಟಿ ಅಲ್ಲ, ಬರೀ ಕಾಗದ. ನೀನು ಈಗ ಕೂತು ಬರೆದಿದ್ದು ನಂಗೂ ಕಾಣ್ತಲ್ಲ.”

ಅವಳು ಫೋನು ತೆಗೆದು, ಅವನಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮೊಹರಪ್ಪನಿಗೆ ಕರೆ ಮಾಡಿದಳು. “ಸರ್, ಗ್ರೀಸಣ್ಣಂಗೆ ಒಂದು ಸೂಚನೆ ಹೊರಡಿಸ್ತಿದೀನಿ. ಪುಸ್ತಕದಲ್ಲಿ ನಂಬರ್ ಹಾಕಿ.” ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಆ ಕಡೆಯಿಂದ ಪುಸ್ತಕ ತೆರೆದ ಸದ್ದು. ಆಮೇಲೆ ಮೊಹರಪ್ಪನ ಧ್ವನಿ: “ಅವನಿಗೆ ಅರ್ಧ ದಿನ ಯಾಕೆ? ಒಂದು ದಿನಾನೇ ಹಾಕು! ಒಬ್ಬನೇ ಮೇಲೆ ಹತ್ತಿದಾನೆ, ಕತ್ತೆ! ನಾನೂರ ಹನ್ನೊಂದು. ಬರ್ಕೋ.” ಹಿಂದೆಯೇ ಮೊಹರು ಬಿದ್ದ ಸದ್ದು.

ಗ್ರೀಸಣ್ಣ ಚೀಟಿಯನ್ನು ಇನ್ನೊಮ್ಮೆ ನೋಡಿದ. “ಗೈರುಹಾಜರಿ ಹಾಕ್ತಾರೆ ಅಂದ್ರೆ…” ಎಂದು ನಿಲ್ಲಿಸಿದ. “ಹಾಜರಿ ಪುಸ್ತಕದಲ್ಲಿ ಹೆಸರು ಇರ್ಬೇಕಲ್ವಾ?”

“ಇರ್ಬೇಕಲ್ಲ ಮತ್ತೆ!” ಎಂದು ಅವಳು ಸಿಟ್ಟಿನಿಂದಲೇ ಕೂಗಿದಳು. ಹುಟ್ಟಿದಾಗಿನಿಂದ ಯಾರ ಮೇಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. “ಮೇಲೆ ಬಾ! ಈಗಲೇ ಬಾ!”

“ಬಂದೆ, ಬಂದೆ. ಕಿರುಚಬೇಡ, ರೋಗಿಗಳಿದಾರೆ.”

ಅವನು ನಿಲ್ಲಿಸುವ ಗುಂಡಿಯನ್ನು ಮುಟ್ಟಿ, ಬಾಯಿಬಿಟ್ಟು “ಒತ್ತಿದೆ” ಎಂದು ಹೇಳಿಕೊಂಡ. ಹೊಸ್ತಿಲಿಗೆ ಎರಡೂ ಕೈ ಊರಿ, ಒಂದು ಮೊಣಕಾಲು, ಇನ್ನೊಂದು ಮೊಣಕಾಲು, ಕಾರಿಡಾರಿನ ಬೆಳಕಿಗೆ ಬಂದ. ಬಂದವನೇ ಗೋಡೆಗೆ ಒರಗಿ ಅವಳ ಪಕ್ಕದಲ್ಲಿ ಕುಸಿದು ಕೂತ. ದಾದಿಯೊಬ್ಬರು ಹಾದುಹೋಗುತ್ತಾ ಇಬ್ಬರನ್ನೂ ನೋಡಿ, “ಯಾರಿಗೆ ಹುಷಾರಿಲ್ಲ?” ಎಂದರು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಜೊತೆಗಾರ ಓಡಿಬಂದ ಮೇಲೆ ಉಳಿದ ಕೆಲಸವನ್ನು ಅವನೇ ಮೇಲೆ ನಿಂತು ಮಾಡಿದ. ಗ್ರೀಸಣ್ಣ ಹೊಸ್ತಿಲಲ್ಲಿ ಕಾವಲಿದ್ದ. ಪತ್ರದಕ್ಕ ‘ಮಾನ್ಯರೇ’ ಪತ್ರವನ್ನು ವಾಪಸು ಇಸಿದುಕೊಂಡು ಕಚೇರಿಗೆ ಮರಳಿ, ಪುಸ್ತಕದಲ್ಲಿ ಅದರ ಸಾಲಿಗೆ ಕೆಂಪು ಗೆರೆ ಎಳೆದು ‘ರದ್ದು’ ಎಂದು ಬರೆದಳು. ‘ಕಾರಣ’ದ ಕಲಮಿನಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟಳು. ಸಂಜೆ ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಬೈಯಲಿಲ್ಲ. ನಕಲು ಪ್ರತಿಯನ್ನು ಆಗಷ್ಟೇ ಮೊದಲ ಸಲ ಓದಿ, ಮತ್ತೊಮ್ಮೆ ಮೊದಲಿನಿಂದ ಓದಿದರು.

ಸೋಮವಾರ ಗ್ರೀಸಣ್ಣ ಒಂಬತ್ತಕ್ಕೇ ಬಂದ. ಒಗೆದ ಅಂಗಿ, ಬಾಚಿದ ತಲೆ, ಮಡಿಲಲ್ಲಿ ಹಳೆಯ ಪೆಟ್ಟಿಗೆ. ಉಕ್ಕಿನ ಹಗ್ಗದ ಸುರುಳಿಗಳ ಪಕ್ಕದ ಬೆಂಚಿನ ಮೇಲೆ ಕೂತು ಯಜಮಾನರ ಬಾಗಿಲನ್ನೇ ನೋಡುತ್ತಿದ್ದ. ಎರಡು ದಿನ ನಿದ್ದೆ ಮಾಡಿರಲಿಲ್ಲವೆಂದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ನಾನೂರ ಹನ್ನೊಂದನೆಯ ಚೀಟಿ ಕಿಸೆಯಲ್ಲಿದ್ದರೂ ಅವನು ಪೂರ್ತಿ ನಂಬಿರಲಿಲ್ಲ. ಪತ್ರದಕ್ಕನಿಗೂ ಒಂದಕ್ಷರ ಬರೆಯಲಾಗಲಿಲ್ಲ. ಯಜಮಾನರು ಒಳ್ಳೆಯತನಕ್ಕೆ ಈಗ “ಬನ್ನಿ, ದಯಮಾಡಿ ಕೂತ್ಕೊಳ್ಳಿ” ಎಂದುಬಿಟ್ಟರೆ ಏನು ಗತಿ ಎಂದು ಅವಳೂ ಆ ಬಾಗಿಲ ಕಡೆಗೇ ಕಿವಿಯಿಟ್ಟಿದ್ದಳು.

ಹತ್ತು ಗಂಟೆಗೆ ಬಾಗಿಲು ತೆರೆಯಿತು. ಯಜಮಾನರು ಹೊರಗೆ ತಲೆ ಹಾಕಿ, ಬೆಂಚಿನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಏಯ್, ಏನಯ್ಯ ನೋಡ್ತಾ ಕೂತಿದೀಯ? ಬಾರಯ್ಯ ಒಳಗೆ!”

ಗ್ರೀಸಣ್ಣನ ಬಿಗಿದಿದ್ದ ಹೆಗಲುಗಳು ಹಗುರಾಗಿ ಸಡಿಲವಾದವು. ಪೆಟ್ಟಿಗೆ ಎತ್ತಿಕೊಂಡು, ಅವಳ ಮೇಜಿನ ಕಡೆ ತಿರುಗಿಯೂ ನೋಡದೆ, ಮೂರು ಹೆಜ್ಜೆಯಲ್ಲಿ ಒಳಗೆ ಹೋದ.